ಸೋಡಾ ಜಾಸ್ತಿ ಹಾಕಿದರೆ ಮೊಟ್ಟೆ ಇಲ್ಲದ ಕೇಕ್ ಉಬ್ಬುತ್ತದೆಯೇ?

ಪ್ರಶ್ನೆ: ಮಗಳ 6ನೇ ಹುಟ್ಟುಹಬ್ಬಕ್ಕೆ ಇನ್ನು 10 ದಿನ ಇದೆ. ಸುಮಾರು 20 ಜನ ಬರುತ್ತಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಮೊಟ್ಟೆ ಅಲರ್ಜಿ, ಹಾಗಾಗಿ ಯಾವುದರಲ್ಲೂ ಮೊಟ್ಟೆ ಬೇಡ ಅಂತ ತೀರ್ಮಾನಿಸಿದ್ದೇನೆ. ಮೊದಲು ಮೊಸರಿನ ಕೇಕ್ ಮಾಡಿ ನೋಡಿದೆ. ಒಂದೂವರೆ ಕಪ್ ಮೈದಾ, 1 ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, 1 ಚಮಚ ಬೇಕಿಂಗ್ ಪೌಡರ್. ಮೊಟ್ಟೆ ಇಲ್ಲವಲ್ಲ, ಚೆನ್ನಾಗಿ ಉಬ್ಬಲಿ ಅಂತ ಅಡುಗೆ ಸೋಡಾ ಒಂದೂವರೆ ಚಮಚ ಹಾಕಿದೆ. ಓವನ್ ಒಳಗೆ ಎದ್ದಿತು, ಆಮೇಲೆ ನಡುವೆ ಕುಸಿಯಿತು. ತಿಂದರೆ ಸಾಬೂನಿನ ರುಚಿ. ಇನ್ನೊಂದು ಸಲ, 4 ಮೊಟ್ಟೆಯ ಸ್ಪಂಜ್ ಕೇಕಿನ ಅಳತೆಯಲ್ಲೇ ಮೊಟ್ಟೆ ಬದಲು 4 ಬಾಳೆಹಣ್ಣು ಹಾಕಿದೆ. ಅದು ಅಂಟಂಟಾದ ಮುದ್ದೆ ಆಯಿತು. ಕಂಡೆನ್ಸ್ಡ್ ಮಿಲ್ಕ್ ಹಾಕಿದರೆ ಸರಿಹೋಗುತ್ತದಾ? ನಡುವೆ ಕ್ರೀಮ್ ಇಟ್ಟು ಎರಡು ಪದರದ ಕೇಕ್ ಮಾಡುವ ಆಸೆ. ಜೊತೆಗೆ ಒಂದು ತಣ್ಣನೆಯ ಸಿಹಿಯೂ ಬೇಕು.

ಉತ್ತರ: ನಿಮ್ಮ ಮೊಸರಿನ ಕೇಕಿನ ಅಳತೆಯನ್ನು ಎರಡು ಸಲ ಓದಿದೆ. ಮೈದಾ ಸರಿ ಇದೆ, ಮೊಸರು, ಸಕ್ಕರೆ, ಎಣ್ಣೆ ಎಲ್ಲವೂ ಸರಿ ಇವೆ. ತಪ್ಪಿರುವುದು ಸೋಡಾ ಒಂದರಲ್ಲೇ. ಅದನ್ನು ಅರ್ಧ ಚಮಚಕ್ಕೆ ಇಳಿಸಿದರೆ ಅದೇ ಕೇಕ್ ನಿಮ್ಮ ಹುಟ್ಟುಹಬ್ಬದ ಕೇಕ್ ಆಗುತ್ತದೆ. ಹೊಸ ಅಳತೆ ಹುಡುಕಿಕೊಂಡು ಹೋಗಬೇಡಿ. ಕಂಡೆನ್ಸ್ಡ್ ಮಿಲ್ಕನ್ನು ತಣ್ಣನೆಯ ಸಿಹಿಗೆ ಎತ್ತಿಡಿ. ಬಾಳೆಹಣ್ಣು ಬೇಕೆನಿಸಿದರೆ ಪುಟ್ಟ ಕಪ್ ಕೇಕ್ ಮಾಡಿ. ಹೀಗೇಕೆ ಹೇಳುತ್ತಿದ್ದೇನೆ ಅಂತ ವಿವರಿಸುತ್ತೇನೆ.

ನಾನು ಬೇಕಿಂಗ್ ಕಲಿಸಲು ಶುರು ಮಾಡಿದ ಮೇಲೆ ಅತಿ ಹೆಚ್ಚು ನೋಡಿದ ತಪ್ಪು ಇದೇ. ಮೊಟ್ಟೆ ಇಲ್ಲ ಅಂದಕೂಡಲೇ ಕೈ ತಾನಾಗಿ ಸೋಡಾ ಡಬ್ಬಿಗೆ ಹೋಗುತ್ತದೆ. ಆದರೆ ಮೊಟ್ಟೆ ಕೇಕನ್ನು ಉಬ್ಬಿಸುವುದಷ್ಟೇ ಅಲ್ಲ, ಉಬ್ಬಿದ್ದನ್ನು ಹಿಡಿದು ನಿಲ್ಲಿಸುತ್ತದೆ ಕೂಡ. ಬಿಸಿ ತಾಗಿದಾಗ ಮೊಟ್ಟೆ ಗಟ್ಟಿಯಾಗುತ್ತದೆ, ಅಲ್ವಾ? ಕೇಕಿನ ಒಳಗೂ ಅದೇ ನಡೆಯುತ್ತದೆ. ಗಾಳಿಗುಳ್ಳೆಗಳು ಹಿಗ್ಗುತ್ತಿರುವಾಗಲೇ ಅವುಗಳ ಸುತ್ತಲಿನ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ. ಮೊಟ್ಟೆ ತೆಗೆದರೆ ಆ ಗೋಡೆ ಕಟ್ಟುವ ಕೆಲಸ ಪೂರ್ತಿಯಾಗಿ ಮೈದಾದ ಮೇಲೆ ಬೀಳುತ್ತದೆ. ಮೈದಾದಲ್ಲಿರುವ ಪಿಷ್ಟ ನೀರು ಕುಡಿದು, ಬಿಸಿಗೆ ಊದಿಕೊಂಡು ಗಟ್ಟಿಯಾಗಬೇಕು. ಸಕ್ಕರೆ ಜೊತೆಯಲ್ಲಿದ್ದರೆ ಅದು ಇನ್ನೂ ತಡವಾಗುತ್ತದೆ. ಅಂದರೆ ಮೊಟ್ಟೆ ಇಲ್ಲದ ಕೇಕಿನಲ್ಲಿ ಗೋಡೆ ನಿಲ್ಲುವುದು ಸ್ವಲ್ಪ ತಡ. ಅಷ್ಟರೊಳಗೆ ಗುಳ್ಳೆಗಳು ಅತಿಯಾಗಿ ಹಿಗ್ಗಿದರೆ ಒಂದಕ್ಕೊಂದು ಸೇರಿ ದೊಡ್ಡದಾಗಿ ಒಡೆಯುತ್ತವೆ. ಗಾಳಿ ಹೊರಗೆ ಹೋಗುತ್ತದೆ, ಕೇಕ್ ಕುಸಿಯುತ್ತದೆ. ಅಂಚು ಬೇಗ ಬೇಯುವುದರಿಂದ ಅದು ನಿಲ್ಲುತ್ತದೆ. ನಡುಭಾಗ ಕೊನೆಗೆ ಬೇಯುವುದರಿಂದ ಅದೇ ಇಳಿಯುತ್ತದೆ. ನೀವು ನೋಡಿದ ಗುಂಡಿ ಅದು.

ಇನ್ನು ಸಾಬೂನಿನ ರುಚಿ. ಮೊಸರಿನಲ್ಲಿ ಹುಳಿ ಇದೆ. ಆ ಹುಳಿ ಸೋಡಾವನ್ನು ಸೇರಿದಾಗ ಗಾಳಿ ಹುಟ್ಟುತ್ತದೆ, ಹುಳಿಯೂ ಸೋಡಾವೂ ಎರಡೂ ಕರಗಿಹೋಗುತ್ತವೆ. ಹಾಗಾಗಿ ಮೊಸರಿನ ಕೇಕ್ ಹುಳಿ ಅನ್ನಿಸುವುದಿಲ್ಲ. ಆದರೆ 1 ಕಪ್ ಮೊಸರಿನ ಹುಳಿ ಸುಮಾರು ಅರ್ಧ ಟೀ ಚಮಚ ಸೋಡಾಕ್ಕೆ ಮಾತ್ರ ಸಾಕಾಗುತ್ತದೆ. ನೀವು ಹಾಕಿದ್ದು ಒಂದೂವರೆ. ಉಳಿದ 1 ಚಮಚಕ್ಕೆ ಜೊತೆಗಾರನೇ ಇರಲಿಲ್ಲ. ಆ ಸೋಡಾ ಓವನ್ನಿನ ಬಿಸಿಗೆ ಒಡೆದು, ಬಟ್ಟೆ ಒಗೆಯಲು ಬಳಸುವ ಸೋಡಾ ಇದೆಯಲ್ಲ, ಅದೇ ವಸ್ತುವಾಗಿ ಕೇಕಿನಲ್ಲಿ ಉಳಿಯುತ್ತದೆ. ಸಾಬೂನು ಅನ್ನಿಸಿದ್ದು ನಿಮ್ಮ ನಾಲಿಗೆಯ ಭ್ರಮೆ ಖಂಡಿತ ಅಲ್ಲ. ಕೇಕನ್ನು ಕತ್ತರಿಸಿದಾಗ ಬಣ್ಣ ಹಳದಿ ಮಿಶ್ರಿತ ಕಂದು ಇತ್ತಾ? ತೂತುಗಳು ದೊಡ್ಡ ದೊಡ್ಡದಾಗಿದ್ದವಾ? ಹಾಗಿದ್ದರೆ ಅನುಮಾನವೇ ಬೇಡ, ಸೋಡಾ ಹೆಚ್ಚಾದ ಗುರುತು ಅದು.

ಸೋಡಾ ಕಡಿಮೆ ಮಾಡಿದರೆ ಗಾಳಿ ಸಾಲುವುದಿಲ್ಲವೇನೋ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ಬೇಕಿಂಗ್ ಪೌಡರ್ ಇರುವುದು. ಅದರಲ್ಲಿ ಸೋಡಾ ಮತ್ತು ಅದಕ್ಕೆ ಬೇಕಾದ ಹುಳಿ ಎರಡೂ ಸೇರಿಯೇ ಇರುತ್ತವೆ. ಈಗ ಸಿಗುವ ಹೆಚ್ಚಿನ ಬೇಕಿಂಗ್ ಪೌಡರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಒದ್ದೆಯಾದಾಗ ಸ್ವಲ್ಪ ಗಾಳಿ, ಓವನ್ನಿನಲ್ಲಿ ಬಿಸಿಯಾದಾಗ ಉಳಿದದ್ದು. ಸೋಡಾ ಮೊಸರಿನ ಹುಳಿಯನ್ನು ನೋಡಿಕೊಳ್ಳಲಿ, ಓವನ್ ಒಳಗಿನ ಏರಿಕೆಯನ್ನು ಬೇಕಿಂಗ್ ಪೌಡರ್ ನೋಡಿಕೊಳ್ಳಲಿ.

ನಿಮ್ಮ ಕೇಕ್, ಹೊಸ ಅಳತೆಯಲ್ಲಿ

20 ಜನಕ್ಕೆ ನಿಮ್ಮ ಅಳತೆಯ ಎರಡರಷ್ಟು ಬೇಕು. ಆದರೆ ಅಷ್ಟನ್ನೂ ಒಂದೇ ಎತ್ತರದ ಟಿನ್ನಿಗೆ ಸುರಿಯಬೇಡಿ. 8 ಇಂಚಿನ ಎರಡು ಟಿನ್ನುಗಳಲ್ಲಿ ತೆಳುವಾಗಿ ಬೇಯಿಸಿ. ಮೊಟ್ಟೆ ಇಲ್ಲದ ಕೇಕಿಗೆ ಇದು ನಾನು ಬಿಟ್ಟುಕೊಡದ ನಿಯಮ. ಪದರ ತೆಳುವಿದ್ದರೆ ನಡುಭಾಗಕ್ಕೆ ಬಿಸಿ ಬೇಗ ತಲುಪುತ್ತದೆ, ಗೋಡೆ ಬೇಗ ನಿಲ್ಲುತ್ತದೆ, ಕುಸಿಯಲು ಸಮಯವೇ ಸಿಗುವುದಿಲ್ಲ. ನಿಮಗೆ ಹೇಗೂ ಎರಡು ಪದರ ಬೇಕು. ದಪ್ಪ ಕೇಕನ್ನು ಅಡ್ಡಕ್ಕೆ ಕೊಯ್ಯುವ ಕಷ್ಟವೂ ತಪ್ಪಿತು.

ಅಳತೆ ಹೀಗಿರಲಿ. ಮೈದಾ 3 ಕಪ್, ಅಂದರೆ ಸುಮಾರು 375 ಗ್ರಾಂ. ತಾಜಾ ಗಟ್ಟಿ ಮೊಸರು 2 ಕಪ್. ಸಕ್ಕರೆ ಒಂದೂವರೆ ಕಪ್, ಸುಮಾರು 300 ಗ್ರಾಂ. ವಾಸನೆ ಇಲ್ಲದ ಅಡುಗೆ ಎಣ್ಣೆ 1 ಕಪ್. ಅಡುಗೆ ಸೋಡಾ 1 ಟೀ ಚಮಚ, ಬೇಕಿಂಗ್ ಪೌಡರ್ 2 ಟೀ ಚಮಚ. ವೆನಿಲ್ಲಾ ಎಸೆನ್ಸ್ 2 ಟೀ ಚಮಚ, ಒಂದು ಚಿಟಿಕೆ ಉಪ್ಪು. ಕಪ್ ಅಂದರೆ 240 ಮಿಲಿಯ ಅಳತೆ ಕಪ್. ಟೀ ಚಮಚ ಅಂದರೆ 5 ಮಿಲಿಯ ಅಳತೆ ಚಮಚ, ಮೇಲೆ ಚಾಕುವಿನಿಂದ ಸವರಿ ಸಮ ಮಾಡಿದ್ದು. ಊಟದ ಚಮಚದಲ್ಲಿ ಸೋಡಾ ಅಳೆಯಬೇಡಿ. ಗೋಪುರದಂತೆ ತುಂಬಿದ 1 ಚಮಚ, ಸಮ ಮಾಡಿದ 2 ಚಮಚಕ್ಕೆ ಹತ್ತಿರ ಬಂದುಬಿಡುತ್ತದೆ. ಚಾಕೊಲೇಟ್ ಕೇಕ್ ಬೇಕಿದ್ದರೆ ಮೈದಾದಲ್ಲಿ ಅರ್ಧ ಕಪ್ ತೆಗೆದು ಅಷ್ಟೇ ಕೋಕೋ ಪುಡಿ ಸೇರಿಸಿ. ಕೋಕೋ ಹೆಚ್ಚು ನೀರು ಹೀರುತ್ತದೆ, ಹಾಗಾಗಿ 3 ದೊಡ್ಡ ಚಮಚ ಹಾಲು ಕೂಡ ಹಾಕಿ.

ಎಲ್ಲಕ್ಕಿಂತ ಮೊದಲು ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಗಿಡಿ. ಟಿನ್ನುಗಳಿಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ. ಮೊಸರನ್ನು ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ತೆಗೆದಿಡಿ. ಈಗ ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಇವನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಸೋಡಾ ಒಂದು ಕಡೆ ಗಂಟಾಗಿ ಉಳಿದರೆ ಆ ತುಂಡು ತಿಂದ ಮಗು ಮುಖ ಕಿವುಚುತ್ತದೆ. ಇನ್ನೊಂದು ಪಾತ್ರೆಯಲ್ಲಿ ಮೊಸರು ಮತ್ತು ಸಕ್ಕರೆಯನ್ನು ಸಕ್ಕರೆ ಕರಗುವವರೆಗೆ ಕಲಸಿ. ಬೆರಳಲ್ಲಿ ಉಜ್ಜಿ ನೋಡಿದರೆ ಮರಳಿನ ಹಾಗೆ ತಾಗಬಾರದು. ಎಣ್ಣೆ, ವೆನಿಲ್ಲಾ ಸೇರಿಸಿ ಒಂದು ನಿಮಿಷ ಚೆನ್ನಾಗಿ ಕಡೆಯಿರಿ. ಮೊಟ್ಟೆಯ ಹಳದಿ ಇದ್ದಿದ್ದರೆ ಎಣ್ಣೆ ಮತ್ತು ನೀರನ್ನು ಅದೇ ಬೆಸೆಯುತ್ತಿತ್ತು. ಈಗ ಆ ಕೆಲಸ ನಿಮ್ಮ ಕೈಯದು. ಮಿಶ್ರಣ ನುಣ್ಣಗಾಗಿ, ಮೇಲೆ ಎಣ್ಣೆ ತೇಲದೆ ಇದ್ದರೆ ಸಾಕು.

ಮೊಸರಿಗೇ ಸೋಡಾ ಹಾಕಿ 5 ನಿಮಿಷ ಬಿಟ್ಟು ನೊರೆ ಬರಿಸುವ ವಿಧಾನವನ್ನು ತುಂಬಾ ಜನ ಹೇಳುತ್ತಾರೆ. ಅದರಿಂದಲೂ ಕೇಕ್ ಆಗುತ್ತದೆ. ಆದರೆ ಆ ನೊರೆಯಲ್ಲಿ ಸ್ವಲ್ಪ ಗಾಳಿ ಹೊರಗೇ ಹೋಗಿಬಿಡುತ್ತದೆ, ಆಮೇಲೆ ಮೈದಾ ಕಲಸುವಾಗ ಇನ್ನಷ್ಟು ಹೋಗುತ್ತದೆ. ಹಾಗಾಗಿ ನಾನು ಸೋಡಾವನ್ನು ಮೈದಾದ ಜೊತೆಗೇ ಇಡುತ್ತೇನೆ.

ಈಗ ಮೈದಾವನ್ನು ಮೂರು ಸಲಕ್ಕೆ ಮೊಸರಿನ ಮಿಶ್ರಣಕ್ಕೆ ಹಾಕಿ. ಇಲ್ಲಿಂದ ಬೀಟರ್ ಮುಟ್ಟಬೇಡಿ. ಚಪ್ಪಟೆ ಸೌಟಿನಲ್ಲಿ ತಳದಿಂದ ಮೇಲಕ್ಕೆ ಮಗುಚುತ್ತಾ ಸೇರಿಸಿ. ಒಣ ಮೈದಾ ಕಾಣದ ಹಾಗಾದ ಕೂಡಲೇ ನಿಲ್ಲಿಸಿ. ಅಲ್ಲಲ್ಲಿ ಸಣ್ಣ ಗಂಟು ಉಳಿದರೂ ಪರವಾಗಿಲ್ಲ. ಜಾಸ್ತಿ ಕಲಸಿದರೆ ಮೈದಾದಲ್ಲಿ ರಬ್ಬರಿನಂಥ ಎಳೆ ಹುಟ್ಟುತ್ತದೆ. ಅಂಥ ಕೇಕ್ ನಡುವೆ ಬೆಟ್ಟದ ಹಾಗೆ ಎದ್ದು, ಬಿರುಕು ಬಿಟ್ಟು, ಒಳಗೆ ಮೇಲ್ಮುಖವಾಗಿ ಉದ್ದ ಸುರಂಗಗಳು ಕಾಣುತ್ತವೆ. ಹಿಟ್ಟು ಸೌಟಿನಿಂದ ದಪ್ಪ ರಿಬ್ಬನ್ನಿನ ಹಾಗೆ ಇಳಿಯಬೇಕು. ಉಂಡೆಯಾಗಿ ಬಿದ್ದರೆ ಮೊಸರು ತುಂಬಾ ಗಟ್ಟಿ ಇತ್ತು ಅಂತ ಅರ್ಥ, 2 ದೊಡ್ಡ ಚಮಚ ಹಾಲು ಸೇರಿಸಿ.

ಕಲಸಿದ ಮೇಲೆ ಗಡಿಯಾರ ಓಡುತ್ತಿದೆ ಅಂತ ತಿಳಿದುಕೊಳ್ಳಿ. ಸೋಡಾ ಮತ್ತು ಮೊಸರು ಸೇರಿದ ಕ್ಷಣದಿಂದಲೇ ಗಾಳಿ ಹುಟ್ಟುತ್ತಿರುತ್ತದೆ. 5 ನಿಮಿಷದೊಳಗೆ ಎರಡೂ ಟಿನ್ ಓವನ್ ಒಳಗಿರಬೇಕು. ಓವನ್ ಯಾವಾಗ ಬಿಸಿ ಮಾಡಿದಿರಿ ಅಂತ ನೀವು ಬರೆದಿಲ್ಲ. ಹಿಟ್ಟು ಕಲಸಿದ ಮೇಲೆ ಓವನ್ ಹಚ್ಚಿದ್ದರೆ, ನಿಮ್ಮ ಕೇಕ್ ಕುಸಿಯಲು ಅದೂ ಒಂದು ಕಾರಣ ಇರಬಹುದು. ಎರಡು ಟಿನ್ ಒಟ್ಟಿಗೆ ಹಿಡಿಸದಷ್ಟು ಚಿಕ್ಕ ಓವನ್ ಆಗಿದ್ದರೆ ಹಿಟ್ಟನ್ನು ಎರಡು ಸಲ ಬೇರೆ ಬೇರೆಯಾಗಿ ಕಲಸಿ. ಎರಡನೇ ಟಿನ್ನನ್ನು ಅರ್ಧ ಗಂಟೆ ಹೊರಗೆ ಕಾಯಿಸಬೇಡಿ. ಅದು ಮೊದಲನೆಯದರ ಮುಂದೆ ಚಪ್ಪಟೆಯಾಗಿ ಕಾಣುತ್ತದೆ.

ಮೊದಲ 20 ನಿಮಿಷ ಬಾಗಿಲು ತೆರೆಯಬೇಡಿ. ತಣ್ಣನೆ ಗಾಳಿ ಒಳಗೆ ಹೋದರೆ ಹಿಗ್ಗಿದ ಗುಳ್ಳೆ ಕುಗ್ಗುತ್ತದೆ, ಗೋಡೆ ಇನ್ನೂ ಹಸಿಯಾಗಿರುತ್ತದೆ. ಒಟ್ಟು 28ರಿಂದ 32 ನಿಮಿಷ ಹಿಡಿಯುತ್ತದೆ. ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ವಾಪಸ್ ಮೇಲೆ ಬರಬೇಕು. ಕಡ್ಡಿ ಚುಚ್ಚಿ ತೆಗೆದರೆ ಒದ್ದೆ ಹಿಟ್ಟು ಅಂಟಿರಬಾರದು. ಅಂಚು ಟಿನ್ನಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರಬೇಕು. ಈ ಮೂರೂ ಕಂಡ ಮೇಲೆಯೇ ಹೊರಗೆ ತೆಗೆಯಿರಿ. ಕಡ್ಡಿಯೊಂದನ್ನೇ ನಂಬಬೇಡಿ. ಮೊಟ್ಟೆ ಇಲ್ಲದ ಕೇಕಿನಲ್ಲಿ ಕಡ್ಡಿ ಸ್ವಚ್ಛವಾಗಿ ಬಂದ ಮೇಲೂ ನಡುಭಾಗ ಒಂದೆರಡು ನಿಮಿಷ ಮೆತ್ತಗೇ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊರಗೆ ತೆಗೆದು 10 ನಿಮಿಷ ಟಿನ್ನಿನಲ್ಲೇ ಬಿಡಿ, ಆಮೇಲೆ ಜಾಲರಿಯ ಮೇಲೆ ಮಗುಚಿ. ಬಿಸಿಯಲ್ಲೇ ಮಗುಚಿದರೆ ಮುರಿಯುತ್ತದೆ. ಟಿನ್ನಿನಲ್ಲೇ ಪೂರ್ತಿ ಆರಲು ಬಿಟ್ಟರೆ ತಳ ಬೆವರಿ ಒದ್ದೆಯಾಗುತ್ತದೆ.

ಈ ಸಲವೂ ನಡುಭಾಗ ಇಳಿದರೆ ಒಂದು ತುಂಡು ಕತ್ತರಿಸಿ ನೋಡಿ. ರುಚಿ ಚೆನ್ನಾಗಿದ್ದು, ತಳದ ಹತ್ತಿರ ಮೇಣದಂಥ ಒದ್ದೆ ಗೆರೆ ಇದ್ದರೆ ಬೇಯುವುದು ಸಾಲಲಿಲ್ಲ ಅಥವಾ ಬಾಗಿಲು ಬೇಗ ತೆರೆದಿರಿ. ಏಳಲೇ ಇಲ್ಲ ಅಂದರೆ ಬೇಕಿಂಗ್ ಪೌಡರ್ ಹಳೆಯದು. ಅದನ್ನು ಮೊದಲೇ ಪರೀಕ್ಷೆ ಮಾಡಬಹುದು. ಅರ್ಧ ಲೋಟ ಬಿಸಿ ನೀರಿಗೆ 1 ಚಮಚ ಹಾಕಿ. ಜೋರಾಗಿ ನೊರೆ ಬರಬೇಕು. ಸುಮ್ನೆ ಕರಗಿ ತಳ ಸೇರಿದರೆ ಆ ಡಬ್ಬಿ ಎಸೆಯಿರಿ. 10 ದಿನ ಇದೆ ಅಂದಿರಲ್ಲ, ಈ ವಾರವೇ ಅರ್ಧ ಅಳತೆಯಲ್ಲಿ ಒಂದು ಟಿನ್ ಮಾಡಿ ನೋಡಿ. ನಿಮ್ಮ ಓವನ್ನಿನ ಬಿಸಿ ಎಷ್ಟು ನಿಜ ಅನ್ನುವುದು ಗೊತ್ತಾಗುತ್ತದೆ.

ಬಾಳೆಹಣ್ಣು ಎಲ್ಲಿ ಎಡವಿತು

1 ಮೊಟ್ಟೆಗೆ ಕಾಲು ಕಪ್ ಬಾಳೆಹಣ್ಣು ಅನ್ನುವ ಮಾತು ಪೂರ್ತಿ ಸುಳ್ಳಲ್ಲ. 1 ಅಥವಾ 2 ಮೊಟ್ಟೆ ಇರುವ, ಬೇಕಿಂಗ್ ಪೌಡರಿನಿಂದ ಉಬ್ಬುವ ಕೇಕಿಗೆ ಅದು ಸರಿಹೋಗುತ್ತದೆ. ನೀವು ತೆಗೆದುಕೊಂಡದ್ದು 4 ಮೊಟ್ಟೆಯ ಸ್ಪಂಜ್. ಅದರಲ್ಲಿ ಮೊಟ್ಟೆಯನ್ನು ನೊರೆ ಬರುವವರೆಗೆ ಕಡೆದು, ಆ ನೊರೆಯಿಂದಲೇ ಕೇಕನ್ನು ಎಬ್ಬಿಸುತ್ತಾರೆ. ಬಾಳೆಹಣ್ಣನ್ನು ಎಷ್ಟು ಕಡೆದರೂ ಆ ನೊರೆ ಬರುವುದಿಲ್ಲ. ಅದು ತೇವ ಕೊಡುತ್ತದೆ, ಸಿಹಿ ಕೊಡುತ್ತದೆ, ಸ್ವಲ್ಪ ಹಿಡಿದಿಡುತ್ತದೆ. ಎಬ್ಬಿಸುವುದು ಅದರಿಂದ ಆಗದ ಕೆಲಸ. ಜೊತೆಗೆ 4 ಹಣ್ಣು ಅಂದರೆ ಸುಮಾರು 400 ಗ್ರಾಂ ಆಗುತ್ತದೆ. 4 ಮೊಟ್ಟೆಯ ತಿರುಳು 200 ಗ್ರಾಂ ಅಷ್ಟೆ. ಎರಡರಷ್ಟು ಭಾರ, ಎಬ್ಬಿಸಲು ಏನೂ ಇಲ್ಲ. ಮುದ್ದೆಯಾಗದೆ ಇನ್ನೇನಾಗುತ್ತದೆ? ಸ್ಪಂಜ್ ಕೇಕಿನ ಅಳತೆಯಲ್ಲಿ ಮೊಸರು, ಕಂಡೆನ್ಸ್ಡ್ ಮಿಲ್ಕ್ ಏನೇ ಬದಲು ಹಾಕಿದರೂ ಗತಿ ಇದೇ. ಮೊದಲಿನಿಂದಲೇ ಮೊಟ್ಟೆ ಇಲ್ಲದೆ ರೂಪಿಸಿದ ಅಳತೆ ಬೇಕು.

ಮಕ್ಕಳಿಗೆ ಬಾಳೆಹಣ್ಣಿನ ಪರಿಮಳ ಇಷ್ಟವಾದರೆ 12 ಪುಟ್ಟ ಕಪ್ ಕೇಕ್ ಮಾಡಿ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ, ಚೆನ್ನಾಗಿ ಕಳಿತ ಹಣ್ಣು 200 ಗ್ರಾಂ ಸಾಕು. ಮೈದಾ ಒಂದೂವರೆ ಕಪ್, ಸಕ್ಕರೆ ಅರ್ಧ ಕಪ್, ಎಣ್ಣೆ 80 ಮಿಲಿ, ಮೊಸರು ಕಾಲು ಕಪ್, ಸೋಡಾ ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ. ಹಣ್ಣನ್ನು ಫೋರ್ಕಿನಲ್ಲಿ ಹಿಸುಕಿ, ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯಲ್ಲಿ ಅದು ಗೋಂದಿನಂತಾಗಿ ಕೇಕ್ ಮತ್ತೆ ಅಂಟುತ್ತದೆ. 180 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಎರಡು ಪದರದ ಕ್ರೀಮ್ ಕೇಕಿಗೆ ಮಾತ್ರ ಬಾಳೆಹಣ್ಣು ಬೇಡ ಅನ್ನುತ್ತೇನೆ. ಭಾರ ಜಾಸ್ತಿ, ಕ್ರೀಮಿನ ರುಚಿಯನ್ನೂ ಅದೇ ನುಂಗುತ್ತದೆ.

ಕಂಡೆನ್ಸ್ಡ್ ಮಿಲ್ಕ್ ಕೇಕ್ ಬಗ್ಗೆ ಕೇಳಿದ್ದೀರಿ. ಒಳ್ಳೆಯ ಕೇಕ್ ಅದು. ನುಣುಪಾಗಿ, ಸಣ್ಣ ತೂತುಗಳೊಂದಿಗೆ, ಚಾಕು ಇಟ್ಟರೆ ಅಚ್ಚುಕಟ್ಟಾಗಿ ಕತ್ತರಿಸಿಕೊಳ್ಳುತ್ತದೆ. ಆದರೂ ಈ ಸಲ ನಿಮಗೆ ಅದನ್ನು ಹೇಳುತ್ತಿಲ್ಲ. ಅದರ ತೂಕದಲ್ಲಿ ಅರ್ಧದ ಹತ್ತಿರ ಸಕ್ಕರೆಯೇ ಇರುತ್ತದೆ, ಮೇಲೆ ಹಾಲಿನ ಅಂಶವೂ ಗಟ್ಟಿಯಾಗಿರುತ್ತದೆ. ಹಾಗಾಗಿ ಹೊರಗೆ ಬೇಗ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. 160 ಡಿಗ್ರಿಗೆ ಇಳಿಸಿ, ಅರ್ಧ ದಾರಿಯಲ್ಲಿ ಮೇಲೆ ಫಾಯಿಲ್ ಮುಚ್ಚಬೇಕು. ಅದರಲ್ಲಿ ಹೇಳಿಕೊಳ್ಳುವಷ್ಟು ಹುಳಿಯೂ ಇಲ್ಲ. ಸೋಡಾ ಹಾಕುವುದಾದರೆ ವಿನೆಗರ್ ಅಥವಾ ನಿಂಬೆರಸ ಸೇರಿಸಲೇಬೇಕು, ಇಲ್ಲದಿದ್ದರೆ ಮತ್ತೆ ಸಾಬೂನು. ಇನ್ನೊಂದು ಮಾತು. ಹೆಚ್ಚಿನವರು ಅದನ್ನು ಬೆಣ್ಣೆ ಹಾಕಿ ಮಾಡುತ್ತಾರೆ, ಬೆಣ್ಣೆಯ ಕೇಕ್ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ. ನಿಮ್ಮದು ಕ್ರೀಮ್ ಕೇಕ್, ಫ್ರಿಜ್ಜಿನಲ್ಲೇ ಇರಬೇಕು. ಎಣ್ಣೆ ತಣ್ಣಗಾದರೂ ಗಟ್ಟಿಯಾಗುವುದಿಲ್ಲ. ಮೊಸರಿನ ಕೇಕ್ ಮರುದಿನವೂ ಮೆತ್ತಗೆ ಇರುವುದು ಅದಕ್ಕೇ.

ತಣ್ಣನೆಯ ಸಿಹಿ

ಕಂಡೆನ್ಸ್ಡ್ ಮಿಲ್ಕ್ ನಿಜವಾಗಿ ಹೊಳೆಯುವುದು ಇಲ್ಲಿ. ಮೊಟ್ಟೆ, ಜೆಲ್ಲಿ ಪುಡಿ ಯಾವುದೂ ಇಲ್ಲದೆ, ಚಮಚದಲ್ಲಿ ನಯವಾಗಿ ಕತ್ತರಿಸಿಕೊಳ್ಳುವ ಸಿಹಿಯೊಂದು ಮೊಸರು, ಕಂಡೆನ್ಸ್ಡ್ ಮಿಲ್ಕ್ ಮತ್ತು ಸ್ವಲ್ಪ ಕ್ರೀಮ್ ಅಥವಾ ಹಾಲಿನಿಂದಲೇ ಆಗುತ್ತದೆ. ಸುಮಾರು 1 ಕಿಲೋ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೆ ಒಂದು ಪಾತ್ರೆಯ ಮೇಲೆ 4ರಿಂದ 5 ಗಂಟೆ ನೀರು ಬಸಿಯಲು ಬಿಡಿ. ಬಸಿದ ಮೇಲೆ 400ರಿಂದ 500 ಗ್ರಾಂ ಗಟ್ಟಿ ಮೊಸರು ಸಿಗುತ್ತದೆ. ಅದರಲ್ಲಿ 400 ಗ್ರಾಂ ತೆಗೆದುಕೊಂಡು, 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಮತ್ತು 200 ಮಿಲಿ ಕ್ರೀಮ್ ಅಥವಾ ಗಟ್ಟಿ ಹಾಲು ಸೇರಿಸಿ ಗಂಟಿಲ್ಲದೆ ಕಲಸಿ. ಕಡೆಯಬೇಡಿ, ನೊರೆ ಬಂದರೆ ಮೇಲ್ಮೈಯಲ್ಲಿ ತೂತು ಬೀಳುತ್ತದೆ. ಬೇರೆ ಸಕ್ಕರೆ ಬೇಡ. ಒಂದು ಜರಡಿಯಲ್ಲಿ ಸೋಸಿ ಚಿಕ್ಕ ಬಟ್ಟಲುಗಳಿಗೆ ಹಾಕಿದರೆ 12 ಬಟ್ಟಲು ತುಂಬುತ್ತದೆ. 20 ಜನಕ್ಕೆ ಬೇಕಿದ್ದರೆ ಎರಡರಷ್ಟು ಮಾಡಿ, ಅಥವಾ ಮಕ್ಕಳಿಗೆ ಅರ್ಧ ಬಟ್ಟಲು ಹಾಕಿ. ಸಿಹಿ ಗಾಢವಾಗಿರುವುದರಿಂದ ಅಷ್ಟೇ ಸಾಕಾಗುತ್ತದೆ.

ಬಟ್ಟಲುಗಳ ಬಾಯಿಗೆ ಫಾಯಿಲ್ ಮುಚ್ಚಿ. ಆಳವಾದ ಟ್ರೇಯಲ್ಲಿ ಜೋಡಿಸಿ, ಬಟ್ಟಲಿನ ಅರ್ಧ ಎತ್ತರದವರೆಗೆ ಬಿಸಿ ನೀರು ಸುರಿಯಿರಿ. ಓವನ್ನಿನಲ್ಲಿ 150 ಡಿಗ್ರಿಗೆ 25ರಿಂದ 30 ನಿಮಿಷ. ಓವನ್ ಬೇಡವೆಂದರೆ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಹಬೆಯಲ್ಲಿ ಬೇಯಿಸಿ. ಮೊಸರಿನ ಹುಳಿಯಿಂದ ಹಾಲಿನ ಸತ್ವ ಆಗಲೇ ಗಟ್ಟಿಯಾಗುವ ಅಂಚಿನಲ್ಲಿರುತ್ತದೆ. ಮೆಲ್ಲಗೆ ಬಿಸಿ ತಾಗಿದರೆ ಅದು ಒಂದಾಗಿ ಹೆಪ್ಪುಗಟ್ಟುತ್ತದೆ. ಮೊಟ್ಟೆಯ ಕಸ್ಟರ್ಡಿನಲ್ಲಿ ಮೊಟ್ಟೆ ಮಾಡುವ ಕೆಲಸವನ್ನು ಇಲ್ಲಿ ಹಾಲಿನ ಸತ್ವವೇ ಮಾಡುತ್ತದೆ. ಆದರೆ ಉರಿ ಜೋರಾದರೆ ಅದು ಬಿಗಿದುಕೊಂಡು ನೀರನ್ನು ಹೊರಗೆ ಹಿಂಡುತ್ತದೆ. ಆಗ ಬಟ್ಟಲಿನ ಅಂಚಲ್ಲಿ ನೀರು ನಿಂತು, ನಡುಭಾಗ ರವೆಯಂತಾಗುತ್ತದೆ. ಅದನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ. ಹಾಗಾಗಿ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಂಚು ನಿಂತಿದ್ದು ನಡುಭಾಗ ಇನ್ನೂ ಸ್ವಲ್ಪ ಕುಲುಕುತ್ತಿರುವಾಗಲೇ ತೆಗೆಯಬೇಕು. ಉಳಿದದ್ದು ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ. ಕನಿಷ್ಠ 4 ಗಂಟೆ ಬೇಕು, ಹಿಂದಿನ ದಿನ ಮಾಡಿಟ್ಟರೆ ಇನ್ನೂ ಚೆನ್ನ.

ಈ ಸಿಹಿಗೆ ಹುಳಿ ಬಂದ ಮೊಸರು ಬೇಡವೇ ಬೇಡ. ಕೇಕಿನಲ್ಲಿ ಹುಳಿಯನ್ನು ಸೋಡಾ ತಿಂದುಬಿಡುತ್ತದೆ, ಇಲ್ಲಿ ಸೋಡಾ ಇಲ್ಲ. ಮೊಸರಿನ ಹುಳಿ ನಾಲಿಗೆಗೆ ನೇರ ತಾಗುತ್ತದೆ.

ಕೇಕಿನ ಮೇಲಿನ ಕ್ರೀಮಿಗೂ ಕಂಡೆನ್ಸ್ಡ್ ಮಿಲ್ಕ್ ಉಪಯೋಗಿಸಿ. ಕೊಬ್ಬು ಶೇಕಡಾ 35ರ ಆಸುಪಾಸು ಇರುವ ಕ್ರೀಮ್ 500 ಮಿಲಿ, ಚೆನ್ನಾಗಿ ತಣ್ಣಗಿರಬೇಕು. ಪಾತ್ರೆಯನ್ನೂ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ. ಕಡೆಯುತ್ತಾ ಹೋಗಿ, ಬೀಟರಿನ ಗುರುತು ಕ್ರೀಮಿನ ಮೇಲೆ ನಿಲ್ಲಲು ಶುರುವಾದಾಗ 100 ಗ್ರಾಂ ಕಂಡೆನ್ಸ್ಡ್ ಮಿಲ್ಕನ್ನು ಸಣ್ಣ ಧಾರೆಯಲ್ಲಿ ಹಾಕಿ. ಇನ್ನೊಂದು ನಿಮಿಷ ಕಡೆದರೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಮುಂದುವರಿಸಿದರೆ ಕ್ರೀಮ್ ಒಡೆದು ಬೆಣ್ಣೆಯಾಗುತ್ತದೆ.

ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಹಿಂದಿನ ದಿನ ಬೆಳಿಗ್ಗೆ ಮೊಸರು ಕಟ್ಟಿಡಿ, ಮಧ್ಯಾಹ್ನ ಸಿಹಿ ಬೇಯಿಸಿ ಫ್ರಿಜ್ಜಿಗೆ, ಸಂಜೆ ಕೇಕಿನ ಎರಡು ಪದರ. ಕೇಕ್ ಪೂರ್ತಿ ಆರಲು 2 ಗಂಟೆ ಬೇಕು. ಆರಿದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ತಣ್ಣಗಾದ ಕೇಕಿನ ಮೇಲೆ ಕ್ರೀಮ್ ಹಚ್ಚುವಾಗ ಪುಡಿ ಏಳುವುದು ಕಡಿಮೆ. ಕ್ರೀಮನ್ನು ಹುಟ್ಟುಹಬ್ಬದ ದಿನ ಬೆಳಿಗ್ಗೆ ಹಚ್ಚಿ. ಬೆಚ್ಚಗಿನ ಕೇಕಿಗೆ ಹಚ್ಚಿದರೆ ಕ್ರೀಮ್ ಕರಗಿ ಮೇಲಿನ ಪದರ ಜಾರುತ್ತದೆ. ಅದೊಂದು ತಪ್ಪನ್ನು ಅವಸರದಲ್ಲಿ ಎಲ್ಲರೂ ಮಾಡುತ್ತಾರೆ, ಒಮ್ಮೆ ನಾನೂ ಮಾಡಿದ್ದೇನೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದರೆ ಸಾಕು. ಕ್ರೀಮ್ ಕೇಕನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಕೊನೆಗೆ ಆ ಹುಡುಗನ ವಿಷಯ. ಇದು ರುಚಿಯ ಪ್ರಶ್ನೆ ಅಲ್ಲ, ಹಾಗಾಗಿ ಒಂದೊಂದನ್ನೂ ಗಮನವಿಟ್ಟು ನೋಡಿ. ನೀವು ಕೇಕಿಗೆ ಮೊಟ್ಟೆ ಹಾಕದಿದ್ದರೂ ಅಲಂಕಾರದಿಂದ ಮೊಟ್ಟೆ ಬರಬಹುದು. ಮಾರ್ಷ್‌ಮ್ಯಾಲೋ, ತಯಾರಾದ ಐಸಿಂಗ್, ಸಕ್ಕರೆ ಹೂವು, ಬಿಸ್ಕತ್ತು ಪುಡಿ, ಬಣ್ಣದ ಕಾಳುಗಳು, ಇವುಗಳ ಪ್ಯಾಕೆಟ್ ಮೇಲಿನ ಪಟ್ಟಿ ಓದಿ. 'ಮೊಟ್ಟೆಯ ಅಂಶ ಇರಬಹುದು' ಅಂತ ಬರೆದಿದ್ದರೂ ಬೇಡ. ಬೇಯಿಸಿದ ಮೊಟ್ಟೆ ಅವನಿಗೆ ಆಗುತ್ತದೇನೋ ಅಂತ ಊಹಿಸುವುದೂ ಬೇಡ. ಕೆಲವು ಮಕ್ಕಳಿಗೆ ಕೇಕಿನಲ್ಲಿ ಬೆಂದ ಮೊಟ್ಟೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಅದನ್ನು ಅವನ ವೈದ್ಯರು ಮಾತ್ರ ಹೇಳಬೇಕು. ನಾನು ಹೇಳಿದ ಎಲ್ಲದರಲ್ಲೂ ಹಾಲಿನ ಪದಾರ್ಥ ಇದೆ. ಅವನಿಗೆ ಹಾಲೂ ಆಗದಿದ್ದರೆ ಇವು ಯಾವುವೂ ಸರಿಯಾಗುವುದಿಲ್ಲ. ಹಾಗಾಗಿ ಅವನ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಕೇಳಿ.

ಈ ಹಿಂದೆ ಮೊಟ್ಟೆ ಕಡೆದ ಬೀಟರ್, ಪಾತ್ರೆ, ಟಿನ್ ಎಲ್ಲವನ್ನೂ ಬಿಸಿ ನೀರು ಮತ್ತು ಸಾಬೂನಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ ಇಟ್ಟುಕೊಳ್ಳಿ. ಬೀಟರಿನ ಕಡ್ಡಿಗಳ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಬಳಸಿದ ಪ್ಯಾಕೆಟ್‌ಗಳನ್ನು ಎಸೆಯದೆ ಒಂದು ಚೀಲದಲ್ಲಿ ಹಾಕಿಡಿ. ಅವನ ಅಮ್ಮ ಬಂದಾಗ ತಾವೇ ಓದಿ ನೋಡಬಹುದು. ಯಾರಾದರೂ ಬೇರೆ ಕೇಕ್ ತಂದರೆ ಅದಕ್ಕೆ ಬೇರೆ ಚಾಕು ಇಡಿ, ಮತ್ತು ಆ ಹುಡುಗನ ತುಂಡನ್ನು ಎಲ್ಲರಿಗಿಂತ ಮೊದಲು ಕತ್ತರಿಸಿ ಅವನ ತಟ್ಟೆಗೆ ಹಾಕಿ.